ಫಿಲ್ ರೇಟೇ, ವರ್ಟೆಕ್ಸೇ, ಬ್ಯಾಂಡ್‌ವಿಡ್ತೇ: ಫ್ರೇಮನ್ನು ಪಾಸ್ ಪಾಸ್ ಆಗಿ ಬಿಡಿಸಿ ನೋಡುವುದು

ಪ್ರಶ್ನೆ: ನಾನು ವಲ್ಕನ್ ಬಳಸಿ ಬರೆದ ರೆಂಡರರ್‌ನಲ್ಲಿ 1920×1080ರಲ್ಲಿ ಒಂದು ಫ್ರೇಮಿಗೆ 24 ಮಿಲಿಸೆಕೆಂಡ್ ಹಿಡಿಯುತ್ತದೆ. ಸಿಪಿಯು ಅರ್ಧ ಸಮಯ ಸುಮ್ಮನಿರುತ್ತದೆ, ಆದ್ದರಿಂದ ತಡವಾಗುತ್ತಿರುವುದು ಜಿಪಿಯುನಲ್ಲೇ. 960×540ಕ್ಕೆ ಇಳಿಸಿದರೆ 13 ಆಗುತ್ತದೆ. ಇದು ಫಿಲ್ ರೇಟ್ ಸಮಸ್ಯೆ ಎಂದು ಒಬ್ಬರು, ಪಿಕ್ಸೆಲ್ ಕಾಲು ಭಾಗವಾದರೂ ಸಮಯ ಅರ್ಧವಷ್ಟೇ ಇಳಿದದ್ದರಿಂದ ವರ್ಟೆಕ್ಸ್ ಹೊರೆ ಎಂದು ಇನ್ನೊಬ್ಬರು, ಮೆಮೊರಿ ಬ್ಯಾಂಡ್‌ವಿಡ್ತ್ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದೆಂದು ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ: ಮೂವರೂ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಒಂದು ಫ್ರೇಮಿಗೆ ಒಂದೇ ಅಡಚಣೆ ಇರುತ್ತದೆ ಎಂಬ ಎಣಿಕೆಯೇ ತಪ್ಪು. ನೆರಳು ಬರೆಯುವಾಗ ಜಿಪಿಯು ಒಂದು ಕಾರಣಕ್ಕೆ ಕಾಯುತ್ತದೆ, ಹೊಗೆ ಬರೆಯುವಾಗ ಇನ್ನೊಂದಕ್ಕೆ. 24 ಮತ್ತು 13 ಎಂಬ ಎರಡು ಸಂಖ್ಯೆಗಳಲ್ಲಿ ಇವೆಲ್ಲ ಕಲಸಿಹೋಗಿವೆ. ಎಷ್ಟು ಹೊತ್ತು ದಿಟ್ಟಿಸಿದರೂ ಅವುಗಳಿಂದ ಉತ್ತರ ಹೊರಬರುವುದಿಲ್ಲ. ಮೊದಲು ಫ್ರೇಮನ್ನು ಪಾಸುಗಳಾಗಿ ಒಡೆಯಬೇಕು, ಆಮೇಲೆ ಪ್ರತಿ ಪಾಸಿಗೂ ಬೇರೆ ಬೇರೆ ಪ್ರಶ್ನೆ ಕೇಳಬೇಕು.

ನಿಮ್ಮದನ್ನೇ ಹೋಲುವ ಒಂದು ದೃಶ್ಯದ ಮೇಲೆ ನಾನು ಕೆಲವು ವಾರ ಕೆಲಸ ಮಾಡಿದ್ದೆ. ಬಂಡೆ, ಮರಗಳಿಂದ ತುಂಬಿದ ಕಣಿವೆ, ಮುಂದೆ ದಟ್ಟವಾದ ಹೊಗೆ. ಅದರ ಅಳತೆಗಳನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಕಾರ್ಡಿನಲ್ಲಿ 64 ಆರ್‌ಒಪಿಗಳು, ಅಂದರೆ ಸಿದ್ಧವಾದ ಪಿಕ್ಸೆಲ್‌ಗಳನ್ನು ಬ್ಲೆಂಡ್ ಮಾಡಿ ಟಾರ್ಗೆಟ್‌ಗೆ ಬರೆಯುವ ಘಟಕಗಳು, ಇದ್ದವು. ಗಡಿಯಾರ 1650 ಮೆಗಾಹರ್ಟ್ಸ್, ಮೆಮೊರಿ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 448 ಗಿಗಾಬೈಟ್, ಎಲ್2 ಕ್ಯಾಶ್ 4 ಮೆಗಾಬೈಟ್.

ಅಳೆಯುವ ಮುನ್ನ ಎರಡು ಸಿದ್ಧತೆ ಬೇಕು. ವಿ-ಸಿಂಕ್ ಆರಿಸಿ, ಇಲ್ಲವಾದರೆ ಪರದೆಗಾಗಿ ಕಾದ ಸಮಯವೂ ಕೆಲಸದ ಸಮಯದಂತೆ ಕಾಣುತ್ತದೆ. ಜೊತೆಗೆ ಜಿಪಿಯುವಿನ ಗಡಿಯಾರವನ್ನು ಒಂದೇ ವೇಗದಲ್ಲಿ ಕಟ್ಟಿಹಾಕಿ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ರೆಸಲ್ಯೂಶನ್ ಇಳಿಸಿದಾಗ ಹೊರೆ ತಗ್ಗಿತೆಂದು ಡ್ರೈವರ್ ಗಡಿಯಾರವನ್ನೂ ನಿಧಾನಗೊಳಿಸಬಹುದು. ಆಗ ನೀವು ಹೋಲಿಸುತ್ತಿರುವುದು ಎರಡು ರೆಸಲ್ಯೂಶನ್‌ಗಳನ್ನಲ್ಲ, ಎರಡು ಬೇರೆ ವೇಗದ ಕಾರ್ಡುಗಳನ್ನು. ಎನ್‌ವಿಡಿಯಾ ಕಾರ್ಡಾದರೆ ಈ ಆದೇಶ ಸಾಕು, ಆದರೆ ಅದಕ್ಕೆ ನಿರ್ವಾಹಕರ ಅನುಮತಿ ಬೇಕು:

```
nvidia-smi --lock-gpu-clocks=1650,1650
```

ಪಾಸುಗಳನ್ನು ಅಳೆಯಲು ಟೈಮ್‌ಸ್ಟ್ಯಾಂಪ್ ಕ್ವೆರಿ ಬಳಸಿ:

```
vkCmdWriteTimestamp(cmd, VK_PIPELINE_STAGE_BOTTOM_OF_PIPE_BIT, pool, 2*i);
/* ಈ ಪಾಸಿನ ಡ್ರಾಗಳು */
vkCmdWriteTimestamp(cmd, VK_PIPELINE_STAGE_BOTTOM_OF_PIPE_BIT, pool, 2*i+1);
/* ms = (t1 - t0) * timestampPeriod / 1e6 */
```

ಆರಂಭದ ಗುರುತನ್ನೂ `BOTTOM_OF_PIPE`ನಲ್ಲೇ ಹಾಕಿದ್ದಕ್ಕೆ ಕಾರಣವಿದೆ. ಅದು ಹಿಂದಿನ ಕೆಲಸ ಮುಗಿಯುವವರೆಗೆ ಕಾಯುತ್ತದೆ. `TOP_OF_PIPE` ಹಾಕಿದರೆ ಹಿಂದಿನ ಪಾಸಿನ ಬಾಲ ಈ ಪಾಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಂದೇ ಫ್ರೇಮಿನ ಅಳತೆಯನ್ನು ನಂಬಬೇಡಿ. ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ ಕೆಲವು ನೂರು ಫ್ರೇಮುಗಳ ಮಧ್ಯಾಂಕವನ್ನು ತೆಗೆದುಕೊಳ್ಳಿ.

ನನ್ನ ದೃಶ್ಯದಲ್ಲಿ ಒಟ್ಟು 21.0 ಮಿಲಿಸೆಕೆಂಡ್ ಹೀಗೆ ಹಂಚಿಕೊಂಡಿತ್ತು: ನೆರಳು 4.1, ಜಿ-ಬಫರ್ 5.2, ಬೆಳಕಿನ ಲೆಕ್ಕ 3.0, ಹೊಗೆ 6.8, ಕೊನೆಯ ಸಂಸ್ಕರಣೆ 1.9. ಉದ್ದ, ಅಗಲ ಎರಡನ್ನೂ ಅರ್ಧ ಮಾಡಿದಾಗ ಒಟ್ಟು 10.5ಕ್ಕೆ ಇಳಿಯಿತು. ನಿಮ್ಮಲ್ಲಿ ಆದಂತೆಯೇ, ಹೆಚ್ಚು ಕಡಿಮೆ ಅರ್ಧ. ಆದರೆ ಬಿಡಿಬಿಡಿಯಾಗಿ ನೋಡಿದರೆ ನೆರಳು 4.1ರಲ್ಲೇ ನಿಂತಿತ್ತು, ಜಿ-ಬಫರ್ 3.1 ಆಗಿತ್ತು, ಬೆಳಕು 0.8, ಹೊಗೆ 1.9, ಸಂಸ್ಕರಣೆ 0.6. ಅಂದರೆ ಯಾವ ಪಾಸೂ ಸರಿಯಾಗಿ ಅರ್ಧವಾಗಿರಲಿಲ್ಲ. ಕೆಲವು ಕಾಲು ಭಾಗದ ಹತ್ತಿರಕ್ಕೆ ಇಳಿದಿದ್ದವು, ಒಂದು ಕದಲಿರಲೇ ಇಲ್ಲ. ‘ಅರ್ಧ’ ಎಂಬುದು ಇವುಗಳ ಸರಾಸರಿಯಷ್ಟೇ.

ರೆಸಲ್ಯೂಶನ್ ಇಳಿಸುವ ಪರೀಕ್ಷೆ ಹೇಳುವುದು ಒಂದೇ ಮಾತು: ಈ ಪಾಸಿನ ಖರ್ಚು ಪಿಕ್ಸೆಲ್ ಬದಿಯದೋ ಅಲ್ಲವೋ ಎಂದು. ಪಿಕ್ಸೆಲ್ ಬದಿಯೆಂದರೆ ಫಿಲ್ ರೇಟ್ ಮಾತ್ರವಲ್ಲ. ಪಿಕ್ಸೆಲ್ ಶೇಡರಿನ ಗಣಿತ, ಟೆಕ್ಸ್‌ಚರ್ ಓದು, ಆರ್‌ಒಪಿಯ ಬ್ಲೆಂಡಿಂಗ್, ಟಾರ್ಗೆಟ್ ಓದಿ ಬರೆಯುವ ಮೆಮೊರಿ ಸಂಚಾರ, ಇವೆಲ್ಲ ಒಟ್ಟಿಗೇ ಇಳಿಯುತ್ತವೆ. ಆದ್ದರಿಂದ ‘ರೆಸಲ್ಯೂಶನ್ ಇಳಿಸಿದರೆ ವೇಗ ಹೆಚ್ಚಿತು, ಹಾಗಾಗಿ ಫಿಲ್ ರೇಟ್’ ಎಂಬ ವಾದ ನಿಲ್ಲುವುದಿಲ್ಲ. ಹೊಗೆಯ ಪಾಸಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅತಿ ಹೆಚ್ಚು ಸಮಯ ತಿನ್ನುತ್ತಿದ್ದುದೂ ಅದೇ.

ಹೊಗೆ ಎಂದರೆ ಒಂದರ ಮೇಲೊಂದು ಬಿದ್ದ ಪಾರದರ್ಶಕ ಚೌಕಗಳು. ನನ್ನ ದೃಶ್ಯದಲ್ಲಿ ಪರದೆಯ ಪ್ರತಿ ಪಿಕ್ಸೆಲ್ ಮೇಲೆ ಸರಾಸರಿ 60 ಪದರಗಳಿದ್ದವು. 1920×1080 ಎಂದರೆ ಸುಮಾರು 20.7 ಲಕ್ಷ ಪಿಕ್ಸೆಲ್. ಅದರ 60 ಪಟ್ಟು ಸುಮಾರು 12.4 ಕೋಟಿ ಬ್ಲೆಂಡ್‌ಗಳು. ಉಪಕರಣಗಳನ್ನು ತೆರೆಯುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ಎಂದು ನಾನು ಯಾವಾಗಲೂ ಒತ್ತಾಯಿಸುತ್ತೇನೆ. 64 ಆರ್‌ಒಪಿಗಳು ಗಡಿಯಾರದ ಪ್ರತಿ ಬಡಿತಕ್ಕೆ ತಲಾ ಒಂದು ಪಿಕ್ಸೆಲ್ ಬರೆದರೆ ಸೆಕೆಂಡಿಗೆ 10,560 ಕೋಟಿ ಪಿಕ್ಸೆಲ್ ಆಯಿತು. ಆ ವೇಗದಲ್ಲಿ ಈ ಕೆಲಸ 1.2 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಟಾರ್ಗೆಟ್ `R16G16B16A16_SFLOAT` ಆಗಿತ್ತು. ಈ ಫಾರ್ಮ್ಯಾಟ್‌ನಲ್ಲಿ ಹಲವು ಕಾರ್ಡುಗಳ ಆರ್‌ಒಪಿ ಅರ್ಧ ವೇಗದಲ್ಲಿ ಬ್ಲೆಂಡ್ ಮಾಡುತ್ತದೆ. ಹಾಗೆ ಎಣಿಸಿದರೂ 2.4 ಮಿಲಿಸೆಕೆಂಡ್.

ಈಗ ಮೆಮೊರಿಯ ಕಡೆಯಿಂದ ನೋಡೋಣ. ಈ ಫಾರ್ಮ್ಯಾಟ್‌ನಲ್ಲಿ ಒಂದು ಪಿಕ್ಸೆಲ್ 8 ಬೈಟ್. ಬ್ಲೆಂಡ್ ಮಾಡಲು ಹಳೆಯ ಬಣ್ಣವನ್ನು ಓದಬೇಕು, ಹೊಸದನ್ನು ಬರೆಯಬೇಕು, ಒಟ್ಟು 16 ಬೈಟ್. 12.4 ಕೋಟಿ ಬ್ಲೆಂಡ್‌ಗೆ ಸುಮಾರು 2 ಗಿಗಾಬೈಟ್ ಓಡಾಡಬೇಕು. 448 ಗಿಗಾಬೈಟ್ ವೇಗ ಪೂರ್ತಿ ಸಿಕ್ಕರೆ 4.4 ಮಿಲಿಸೆಕೆಂಡ್, ಆದರೆ ಪೂರ್ತಿ ವೇಗ ಎಂದೂ ಸಿಗುವುದಿಲ್ಲ, ಅದರ ಮುಕ್ಕಾಲು ಪಾಲು ಸಿಕ್ಕರೆ ಸುಮಾರು 6. ಕ್ಯಾಶ್ ಮತ್ತು ಬಣ್ಣದ ಸಂಕೋಚನ ಇದರಲ್ಲಿ ಒಂದಿಷ್ಟು ಉಳಿಸುತ್ತವೆ, ಡೆಪ್ತ್ ಮತ್ತು ಟೆಕ್ಸ್‌ಚರ್ ಓದು ಒಂದಿಷ್ಟು ಸೇರಿಸುತ್ತವೆ. ಏನೇ ಇರಲಿ, ಅಳತೆ ಮಾಡಿದ 6.8ಕ್ಕೆ ಹತ್ತಿರವಿರುವುದು ಮೆಮೊರಿಯ ಲೆಕ್ಕ, ಆರ್‌ಒಪಿಯದಲ್ಲ. ಇದು ಇನ್ನೂ ಊಹೆ. ಪ್ರಯೋಗ ಮಾಡಿ ಮುರಿಯಲು ಯತ್ನಿಸಬೇಕು.

ಮೊದಲ ಪ್ರಯೋಗದಲ್ಲಿ ಪಿಕ್ಸೆಲ್ ಶೇಡರನ್ನು ಒಂದು ಸ್ಥಿರ ಬಣ್ಣಕ್ಕೆ ಇಳಿಸಿದೆ. ಟೆಕ್ಸ್‌ಚರ್ ಇಲ್ಲ, ಗಣಿತ ಇಲ್ಲ, ಆಲ್ಫಾ 0.02. ಆಲ್ಫಾವನ್ನು ಸೊನ್ನೆ ಅಥವಾ ಒಂದು ಮಾಡಬೇಡಿ. ಅಂಥ ಬೆಲೆಗಳಲ್ಲಿ ಕೆಲವು ಜಿಪಿಯುಗಳು ಬ್ಲೆಂಡಿಂಗ್ ಕೆಲಸವನ್ನೇ ತಪ್ಪಿಸಿಕೊಳ್ಳುತ್ತವೆ, ಆಗ ಪ್ರಯೋಗ ಸುಳ್ಳು ಹೇಳುತ್ತದೆ. ಸಮಯ 6.8ರಿಂದ 6.4ಕ್ಕೆ ಇಳಿಯಿತು, ಅಷ್ಟೇ. ಶೇಡರ್ ಮತ್ತು ಟೆಕ್ಸ್‌ಚರ್ ಕಾರಣವಲ್ಲ ಎಂದಾಯಿತು. ಉಳಿದದ್ದು ಆರ್‌ಒಪಿ ಮತ್ತು ಟಾರ್ಗೆಟ್‌ನ ಬ್ಯಾಂಡ್‌ವಿಡ್ತ್.

ಈ ಎರಡನ್ನು ಬೇರ್ಪಡಿಸುವ ಕಡೆ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಸಾಮಾನ್ಯವಾಗಿ ಹೇಳಿಕೊಡುವ ಉಪಾಯ ಟಾರ್ಗೆಟ್ ಫಾರ್ಮ್ಯಾಟನ್ನು ಚಿಕ್ಕದು ಮಾಡಿ ನೋಡುವುದು. `B10G11R11_UFLOAT_PACK32`ಕ್ಕೆ ಬದಲಿಸಿದರೆ ಪಿಕ್ಸೆಲ್‌ಗೆ 4 ಬೈಟ್. ಹಾಗೆ ಮಾಡಿದಾಗ 6.8 ಇದ್ದದ್ದು 3.7 ಆಯಿತು. ಬೈಟುಗಳು ಅರ್ಧವಾದವು, ಸಮಯವೂ ಹೆಚ್ಚು ಕಡಿಮೆ ಅರ್ಧವಾಯಿತು, ಆದ್ದರಿಂದ ಬ್ಯಾಂಡ್‌ವಿಡ್ತ್ ಎಂದು ತೀರ್ಮಾನಿಸಿಬಿಟ್ಟೆ. ತೀರ್ಮಾನ ಸರಿ, ಅದನ್ನು ತಲುಪಿದ ದಾರಿ ತಪ್ಪು. 16 ಬಿಟ್ ಫ್ಲೋಟ್‌ಗೆ ಆರ್‌ಒಪಿ ಅರ್ಧ ವೇಗದಲ್ಲಿ ಓಡುವ ಕಾರ್ಡಿನಲ್ಲಿ ಫಾರ್ಮ್ಯಾಟ್ ಬದಲಿಸಿದರೆ ಆರ್‌ಒಪಿಯ ವೇಗವೂ ಇಮ್ಮಡಿಯಾಗುತ್ತದೆ. ಎರಡು ಕಾರಣಗಳೂ ಒಂದೇ ಫಲಿತಾಂಶ ಕೊಡುವ ಪ್ರಯೋಗದಿಂದ ಯಾವುದನ್ನೂ ಸಾಧಿಸಲು ಆಗುವುದಿಲ್ಲ.

ನಿಜವಾಗಿ ಬೇರ್ಪಡಿಸುವ ಪ್ರಯೋಗಗಳು ಎರಡಿವೆ. ಒಂದು, ಜಿಪಿಯು ಕೋರ್‌ನ ಗಡಿಯಾರವನ್ನು ಮಾತ್ರ ಇಳಿಸುವುದು. 1650ರಿಂದ 1320ಕ್ಕೆ ತಂದರೆ ಆರ್‌ಒಪಿಗೆ ಕಟ್ಟುಬಿದ್ದ ಕೆಲಸ ಶೇಕಡ 25ರಷ್ಟು ನಿಧಾನವಾಗಬೇಕು. ಮೆಮೊರಿಗೆ ಅದರದೇ ಗಡಿಯಾರ ಇರುವುದರಿಂದ ಬ್ಯಾಂಡ್‌ವಿಡ್ತ್‌ಗೆ ಕಟ್ಟುಬಿದ್ದ ಕೆಲಸ ಬಹುಮಟ್ಟಿಗೆ ಕದಲಬಾರದು. ನನ್ನ ಹೊಗೆ 6.8ರಿಂದ 7.0 ಆಯಿತು. ಶೇಕಡ 25ರಷ್ಟು ಏರಿದ್ದರೆ 8.5 ಆಗಬೇಕಿತ್ತು.

ಇನ್ನೊಂದು ಪ್ರಯೋಗ ನನಗೆ ತುಂಬ ಪ್ರಿಯವಾದದ್ದು, ಗಡಿಯಾರ ಮುಟ್ಟಲು ಅವಕಾಶವಿಲ್ಲದ ಕಡೆಯೂ ನಡೆಯುತ್ತದೆ. ಬ್ಲೆಂಡ್‌ಗಳ ಸಂಖ್ಯೆಯನ್ನು ಹಾಗೇ ಉಳಿಸಿ, ಅವನ್ನೆಲ್ಲ ಚಿಕ್ಕ ಟಾರ್ಗೆಟ್ ಒಂದರ ಮೇಲೆ ಸುರಿಯಿರಿ. 512×512ರ ಟಾರ್ಗೆಟ್ ಇದೇ ಫಾರ್ಮ್ಯಾಟ್‌ನಲ್ಲಿ 2 ಮೆಗಾಬೈಟ್. 4 ಮೆಗಾಬೈಟ್ ಎಲ್2ನಲ್ಲಿ ಅದು ಪೂರ್ತಿ ಕೂರುತ್ತದೆ. ಅದರ ಮೇಲೆ ಪೂರ್ತಿ ಹರಡುವ ಸುಮಾರು 475 ಪದರ ಬರೆದರೆ ಅದೇ 12.4 ಕೋಟಿ ಬ್ಲೆಂಡ್ ಆಗುತ್ತದೆ. ಆರ್‌ಒಪಿಯ ಕೆಲಸ ಎಳ್ಳಷ್ಟೂ ಕಡಿಮೆಯಾಗಿಲ್ಲ, ಆದರೆ ಹೊರಗಿನ ಮೆಮೊರಿಗೆ ಹೋಗುವ ಅಗತ್ಯವೇ ಇಲ್ಲದಂತಾಗಿದೆ. ಸ್ಥಿರ ಬಣ್ಣದ ಶೇಡರಿನೊಂದಿಗೆ ಇದು 2.6 ಮಿಲಿಸೆಕೆಂಡಿನಲ್ಲಿ ಮುಗಿಯಿತು. ಕಾಗದದ ಮೇಲೆ ಬಂದಿದ್ದ 2.4ರ ಪಕ್ಕದಲ್ಲೇ! ಇದರಿಂದ ಎರಡು ವಿಷಯ ಒಟ್ಟಿಗೇ ತಿಳಿದವು. ಈ ಕಾರ್ಡಿನ ಆರ್‌ಒಪಿ ಈ ಫಾರ್ಮ್ಯಾಟ್‌ನಲ್ಲಿ ಅರ್ಧ ವೇಗದಲ್ಲೇ ಓಡುತ್ತದೆ, ಮತ್ತು 6.4ಕ್ಕೂ 2.6ಕ್ಕೂ ನಡುವಿನ ಅಂತರವೆಲ್ಲ ಹೊರಗಿನ ಮೆಮೊರಿಗಾಗಿ ಕಾದ ಸಮಯ.

ಎನ್‌ಸೈಟ್ ಗ್ರಾಫಿಕ್ಸ್‌ನ ಜಿಪಿಯು ಟ್ರೇಸ್ ತೆರೆದು ನೋಡಿದಾಗ ಹೊಗೆಯ ಪಾಸಿನುದ್ದಕ್ಕೂ ಮೆಮೊರಿಯ ಬಳಕೆ ಶೇಕಡ 80ರ ಮೇಲಿತ್ತು, ಆರ್‌ಒಪಿಯ ಬಣ್ಣದ ಘಟಕ ಅದರ ಅರ್ಧದ ಆಸುಪಾಸಿನಲ್ಲಿತ್ತು. ಕೌಂಟರುಗಳನ್ನು ಓದುವಾಗ ಎನ್‌ವಿಡಿಯಾ ಕೊಡುವ ಸೂತ್ರ ಉಪಯುಕ್ತವಾದದ್ದು: ಯಾವುದೋ ಒಂದು ಘಟಕ ತನ್ನ ಗರಿಷ್ಠದ ಶೇಕಡ 80 ದಾಟಿದ್ದರೆ ಅಡಚಣೆ ಅಲ್ಲೇ ಇದೆ, ಅದರ ಕೆಲಸ ಕಡಿಮೆ ಮಾಡಿ. ಎಲ್ಲ ಘಟಕಗಳೂ ಶೇಕಡ 60ರ ಕೆಳಗಿದ್ದರೆ ಯಾವುದೂ ತುಂಬಿಲ್ಲ. ಅಡಚಣೆ ಮೆಮೊರಿ ವಿಳಂಬದಲ್ಲೋ, ಅನಗತ್ಯ ಬ್ಯಾರಿಯರ್‌ಗಳಲ್ಲೋ, ತೀರ ಚಿಕ್ಕ ಡ್ರಾಗಳಲ್ಲೋ ಇದೆ. ಹೀಗಿರುವಾಗ ನಿಮ್ಮ ಪ್ರಶ್ನೆಯ ಮೂರು ಆಯ್ಕೆಗಳಲ್ಲಿ ಯಾವುದೂ ಉತ್ತರವಲ್ಲ. ಕೌಂಟರುಗಳಿಗಿಂತ ಮೊದಲು ಪ್ರಯೋಗಗಳನ್ನು ವಿವರಿಸಿದ್ದಕ್ಕೆ ಕಾರಣ, ಕೌಂಟರು ಯಾವ ಘಟಕ ತುಂಬಿದೆ ಎಂದಷ್ಟೇ ತೋರಿಸುತ್ತದೆ. ಅಲ್ಲಿ ಕೆಲಸ ಇಳಿಸಿದರೆ ಎಷ್ಟು ಸಮಯ ಉಳಿಯುತ್ತದೆ ಎಂದು ಹೇಳುವುದು ಪ್ರಯೋಗ ಮಾತ್ರ.

ಜಿ-ಬಫರ್ ಬೇರೆಯೇ ರೀತಿಯಲ್ಲಿ ದಾರಿ ತಪ್ಪಿಸಿತು. ಪಿಕ್ಸೆಲ್ ಕಾಲು ಭಾಗವಾದಾಗ 5.2 ಇದ್ದದ್ದು 3.1 ಆಗಿತ್ತು. ಒಂದು ಭಾಗ ಪಿಕ್ಸೆಲ್ ಜೊತೆ ಇಳಿಯುತ್ತದೆ, ಇನ್ನೊಂದು ಸ್ಥಿರ ಎಂದು ಎಣಿಸಿ ಸಮೀಕರಣ ಬಿಡಿಸಿದರೆ ಸ್ಥಿರ ಭಾಗ 2.4 ಬರುತ್ತದೆ. ಇದನ್ನೇ ವರ್ಟೆಕ್ಸ್ ಹೊರೆ ಎಂದುಕೊಂಡು, 44 ಬೈಟ್ ಇದ್ದ ವರ್ಟೆಕ್ಸ್ ರಚನೆಯನ್ನು ಎರಡು ದಿನ ಕೂತು 16 ಬೈಟ್‌ಗೆ ಹಿಂಡಿದೆ. ಉಳಿದದ್ದು 0.1 ಮಿಲಿಸೆಕೆಂಡ್.

ಮೊದಲೇ ಮಾಡಬೇಕಾಗಿದ್ದ ಪ್ರಯೋಗ ಪೈಪ್‌ಲೈನ್‌ನಲ್ಲಿ `rasterizerDiscardEnable`ಅನ್ನು `VK_TRUE` ಮಾಡುವುದು. ಆಗ ವರ್ಟೆಕ್ಸ್‌ಗಳನ್ನು ಓದುವುದು, ವರ್ಟೆಕ್ಸ್ ಶೇಡರ್ ಓಡಿಸುವುದು ಎಲ್ಲ ನಡೆಯುತ್ತದೆ. ತ್ರಿಕೋನಗಳು ಮಾತ್ರ ರಾಸ್ಟರೈಸರ್‌ಗೆ ಹೋಗದೆ ಅಲ್ಲೇ ಬಿದ್ದುಹೋಗುತ್ತವೆ. ಒಂದು ಎಚ್ಚರಿಕೆ: ಆಗ ವರ್ಟೆಕ್ಸ್ ಶೇಡರ್ ಹೊರಡಿಸುವ ಮೌಲ್ಯಗಳು ಯಾರಿಗೂ ಬೇಡವಾಗುವುದರಿಂದ ಕಂಪೈಲರ್ ಅವುಗಳ ಲೆಕ್ಕವನ್ನೇ ಕಿತ್ತುಹಾಕಬಹುದು, ಆದ್ದರಿಂದ ಬರುವ ಸಂಖ್ಯೆಯನ್ನು ಕೆಳಮಿತಿ ಎಂದು ಓದಿ. ನನಗೆ 1.3 ಬಂತು. ಸ್ಥಿರ ಎಂದುಕೊಂಡ 2.4ರಲ್ಲಿ ಉಳಿದ 1.1 ಎಲ್ಲಿ ಹೋಯಿತು?

ಅದು ಚಿಕ್ಕ ತ್ರಿಕೋನಗಳ ಖರ್ಚು. ಜಿಪಿಯು ಪಿಕ್ಸೆಲ್ ಶೇಡರನ್ನು ಒಂದೊಂದೇ ಪಿಕ್ಸೆಲ್‌ಗೆ ಓಡಿಸುವುದಿಲ್ಲ. 2×2ರ ನಾಲ್ಕು ಪಿಕ್ಸೆಲ್‌ಗಳ ಗುಂಪಿಗೆ, ಅಂದರೆ ಕ್ವಾಡ್‌ಗೆ, ಓಡಿಸುತ್ತದೆ. ಟೆಕ್ಸ್‌ಚರ್‌ನ ಮಿಪ್ ಮಟ್ಟ ಆರಿಸಲು ಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸ ಬೇಕಾಗುತ್ತದೆ. ತ್ರಿಕೋನ ಒಂದೇ ಪಿಕ್ಸೆಲ್ ಮುಟ್ಟಿದರೂ ನಾಲ್ಕರ ಕೆಲಸ ನಡೆಯುತ್ತದೆ, ಮೂರು ವ್ಯರ್ಥ. ದೂರದ ಮರಗಳ ತ್ರಿಕೋನಗಳು ಪೂರ್ಣ ರೆಸಲ್ಯೂಶನ್‌ನಲ್ಲೇ ಕೆಲವೇ ಪಿಕ್ಸೆಲ್ ಅಗಲದವು. ರೆಸಲ್ಯೂಶನ್ ಇಳಿಸಿದಾಗ ಅವು ಇನ್ನೂ ಚಿಕ್ಕದಾಗಿ ವ್ಯರ್ಥದ ಪಾಲು ಹೆಚ್ಚುತ್ತದೆ. ಹಾಗಾಗಿ ಪಿಕ್ಸೆಲ್ ಕಾಲು ಭಾಗವಾದರೂ ಕ್ವಾಡ್‌ಗಳು ಕಾಲು ಭಾಗಕ್ಕೆ ಇಳಿಯುವುದಿಲ್ಲ, ಪಿಕ್ಸೆಲ್ ಬದಿಯ ಖರ್ಚು ಸ್ಥಿರ ಖರ್ಚಿನ ವೇಷ ಹಾಕಿಕೊಳ್ಳುತ್ತದೆ. ಇದನ್ನು ಬಯಲು ಮಾಡಿದ್ದು ಸ್ಥಿರ ಬಣ್ಣದ ಶೇಡರ್: ಪೂರ್ಣ ರೆಸಲ್ಯೂಶನ್‌ನಲ್ಲಿ 5.2 ಇದ್ದದ್ದು 2.6 ಆಯಿತು. ವರ್ಟೆಕ್ಸ್‌ಗೆ ಕಟ್ಟುಬಿದ್ದ ಪಾಸಿನಲ್ಲಿ ಪಿಕ್ಸೆಲ್ ಶೇಡರ್ ಹಗುರಾದರೆ ಹೀಗೆ ಸಮಯ ಅರ್ಧವಾಗುವುದಿಲ್ಲ. (ಎಲೆಗಳ ಶೇಡರಿನಲ್ಲಿ `discard` ಇದ್ದರೆ ಅದನ್ನು ಹಾಗೇ ಉಳಿಸಿ. ತೆಗೆದರೆ ಡೆಪ್ತ್ ಪರೀಕ್ಷೆ ಶೇಡರಿಗಿಂತ ಮೊದಲೇ ನಡೆಯತೊಡಗಿ, ನೀವು ಬದಲಿಸಿದ್ದು ಒಂದಲ್ಲ, ಎರಡಾಗುತ್ತದೆ.)

ಪರಿಹಾರ ದೂರದ ಮರ, ಬಂಡೆಗಳಿಗೆ ಮೂರನೇ ಒಂದರಷ್ಟು ತ್ರಿಕೋನಗಳ ಮಾದರಿ ಹಾಕುವುದು, 5.2 ಇದ್ದದ್ದು 3.3 ಆಯಿತು. ವರ್ಟೆಕ್ಸ್ ಹೊರೆಗೂ ಇದೇ ಮದ್ದಲ್ಲವೇ ಎಂದು ಕೇಳಬಹುದು. ಹೌದು, ಆದರೆ ಎಲ್ಲಿ ಹಾಕಬೇಕು ಎಂಬುದು ಬೇರೆ. ವರ್ಟೆಕ್ಸ್ ಹೊರೆಯಾಗಿದ್ದರೆ ತ್ರಿಕೋನಗಳನ್ನು ಎಲ್ಲಿ ಕತ್ತರಿಸಿದರೂ ಲಾಭ. ಇಲ್ಲಿ ಪರದೆಯ ಮೇಲೆ ಚಿಕ್ಕದಾಗಿ ಬೀಳುವ ಕಡೆ ಕತ್ತರಿಸಿದರೆ ಮಾತ್ರ ಲಾಭ. ಹತ್ತಿರದ ಬಂಡೆಯನ್ನು ಒರಟು ಮಾಡಿದ್ದರೆ ಚಿತ್ರ ಕೆಡುತ್ತಿತ್ತೇ ಹೊರತು ಸಮಯ ಉಳಿಯುತ್ತಿರಲಿಲ್ಲ.

ನಿಜವಾದ ವರ್ಟೆಕ್ಸ್ ಹೊರೆ ಇದ್ದದ್ದು ನೆರಳಿನ ಪಾಸಿನಲ್ಲಿ. ಪರದೆ ಚಿಕ್ಕದಾದಾಗ ಅದು ಕದಲಲಿಲ್ಲ ಎಂಬುದಕ್ಕೆ ಅರ್ಥವಿಲ್ಲ, ಏಕೆಂದರೆ ಶ್ಯಾಡೋ ಮ್ಯಾಪ್‌ನ ಗಾತ್ರ ಪರದೆಯನ್ನು ಅವಲಂಬಿಸಿಲ್ಲ. ಶ್ಯಾಡೋ ಮ್ಯಾಪನ್ನೇ 2048ರಿಂದ 1024ಕ್ಕೆ ಇಳಿಸಿ ನೋಡಬೇಕು. 4.1 ಇದ್ದದ್ದು 3.7 ಆಯಿತು, ರಾಸ್ಟರೈಸರ್ ಮುಚ್ಚಿದಾಗ 3.6. ಇಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ. ವರ್ಟೆಕ್ಸ್ ಓದುವ ಬ್ಯಾಂಡ್‌ವಿಡ್ತೇ ಅಡಚಣೆಯಾಗಿರಬಹುದೇ? ನಾಲ್ಕು ಕ್ಯಾಸ್ಕೇಡ್‌ಗಳಲ್ಲಿ ಒಟ್ಟು 76 ಲಕ್ಷ ವರ್ಟೆಕ್ಸ್, ತಲಾ 44 ಬೈಟ್, ಸುಮಾರು 335 ಮೆಗಾಬೈಟ್. ಅದಕ್ಕೆ ಬೇಕಾದದ್ದು 0.75 ಮಿಲಿಸೆಕೆಂಡ್ ಮಾತ್ರ. ಹಾಗಾಗಿ ಬೈಟುಗಳಲ್ಲ, ಎಣಿಕೆಯೇ ಕಾರಣ. ಹುಡುಕಿದಾಗ ಹತ್ತಿರದ ಕ್ಯಾಸ್ಕೇಡ್‌ಗೂ ಇಡೀ ಕಣಿವೆಯನ್ನು ಕಳುಹಿಸುತ್ತಿದ್ದುದು ಸಿಕ್ಕಿತು. ಪ್ರತಿ ಕ್ಯಾಸ್ಕೇಡ್‌ಗೆ ಅದರದೇ ಕಲ್ಲಿಂಗ್ ಮಾಡಿದ ಮೇಲೆ ವರ್ಟೆಕ್ಸ್‌ಗಳು 34 ಲಕ್ಷಕ್ಕೂ ಸಮಯ 2.0ಕ್ಕೂ ಇಳಿದವು.

ನಿಮ್ಮ ರೆಂಡರರ್ ಮೊಬೈಲ್‌ನಲ್ಲೂ ಓಡಬೇಕಾದರೆ ಹೊಗೆಯ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ. ಮೊಬೈಲ್ ಜಿಪಿಯುಗಳಲ್ಲಿ ಬಹುಪಾಲು ಟೈಲ್ ಆಧಾರಿತ; ಬ್ಲೆಂಡಿಂಗ್ ಚಿಪ್ಪಿನೊಳಗಿನ ಟೈಲ್ ಮೆಮೊರಿಯಲ್ಲೇ ನಡೆಯುವುದರಿಂದ 60 ಪದರಗಳು ಹೊರಗಿನ ಮೆಮೊರಿಯನ್ನು 60 ಬಾರಿ ಮುಟ್ಟುವುದಿಲ್ಲ. ಅಲ್ಲಿ ಬ್ಯಾಂಡ್‌ವಿಡ್ತ್ ಸೋರುವುದು ಪಾಸಿನ ಆರಂಭದಲ್ಲಿ ಹಳೆಯ ಚಿತ್ರವನ್ನು ಟೈಲ್‌ಗೆ ತುಂಬುವಾಗ ಮತ್ತು ಕೊನೆಯಲ್ಲಿ ಹೊರಗೆ ಬರೆಯುವಾಗ. ಹಳೆಯದು ಬೇಡವಾದ ಕಡೆ `VK_ATTACHMENT_LOAD_OP_DONT_CARE` ಹಾಕಿ, ಡೆಪ್ತನ್ನು ಮುಂದೆ ಯಾರೂ ಓದದಿದ್ದರೆ `VK_ATTACHMENT_STORE_OP_DONT_CARE` ಹಾಕಿ, ಸಮಯ ಎಷ್ಟು ಇಳಿಯಿತು ಎಂದು ನೋಡಿ. ತ್ರಿಕೋನಗಳ ಮಾಹಿತಿಯನ್ನು ಟೈಲ್‌ಗಳಿಗೆ ಹಂಚುವಾಗ ಮೆಮೊರಿಗೇ ಬರೆಯಬೇಕಾಗುವುದರಿಂದ ಅಲ್ಲಿ ವರ್ಟೆಕ್ಸ್ ಹೊರೆಯೂ ಬ್ಯಾಂಡ್‌ವಿಡ್ತ್ ಹೊರೆಯಾಗಿ ಕಾಣಿಸುತ್ತದೆ.

ಮತ್ತೆ ನನ್ನ ಹೊಗೆಗೆ ಬರುತ್ತೇನೆ. ಅದನ್ನು 960×540ರ ಪ್ರತ್ಯೇಕ ಟಾರ್ಗೆಟ್‌ಗೆ ಬರೆದು, ಡೆಪ್ತ್ ನೋಡಿಕೊಂಡು ಹಿಗ್ಗಿಸಿ ಮೂಲ ಚಿತ್ರಕ್ಕೆ ಬೆರೆಸಿದೆ. ಬಂಡೆಗಳ ಅಂಚಿನಲ್ಲಿ ಹೊಗೆ ಸ್ವಲ್ಪ ಒರಟಾಗಿ ಕಂಡದ್ದನ್ನು ಡೆಪ್ತ್ ತೂಕ ಸರಿಪಡಿಸಿತು. 6.8 ಇದ್ದದ್ದು, ಹಿಗ್ಗಿಸುವ ಖರ್ಚೂ ಸೇರಿ, 2.2 ಆಯಿತು, ಇಡೀ ಫ್ರೇಮ್ 21.0ರಿಂದ 12.4ಕ್ಕೆ ಬಂತು. ಆಮೇಲೆ ಅದೇ ಸ್ಥಿರ ಬಣ್ಣದ ಪ್ರಯೋಗವನ್ನು ಮತ್ತೊಮ್ಮೆ ಮಾಡಿದೆ. ಮೊದಲು ಶೇಕಡ 6ರಷ್ಟು ಮಾತ್ರ ಇಳಿಸಿದ್ದ ಆ ಬದಲಾವಣೆ ಈಗ 2.2ನ್ನು 1.6ಕ್ಕೆ, ಅಂದರೆ ಶೇಕಡ 27ರಷ್ಟು, ಇಳಿಸಿತು. ಮೆಮೊರಿಯ ಹಿಡಿತ ಸಡಿಲವಾದ ಕೂಡಲೇ ಹೊಗೆಯ ಶೇಡರ್ ಅಡಚಣೆಯಾಗಿ ಮುಂದೆ ಬಂದಿತ್ತು. ಮೊದಲ ದಿನ ನಾನು ‘ಕಾರಣವಲ್ಲ’ ಎಂದು ಬದಿಗಿಟ್ಟಿದ್ದ ಟೆಕ್ಸ್‌ಚರ್ ಓದುಗಳನ್ನು ಕಡಿಮೆ ಮಾಡುವ ಕೆಲಸಕ್ಕೆ ಬೆಲೆ ಬಂದದ್ದು ಆಗಲೇ.